ಲ್ಯಾಬ್‌ನಲ್ಲಿ ಫೇಲ್ ಆದ ಬ್ಲಾಕ್ ಲೋಡನ್ನು ವಾಪಸ್ ಕಳಿಸಿ, ಹೊಸದು ತರಿಸಿಕೊಳ್ಳುವುದು ಹೇಗೆ?

ಮನೆ ಕಟ್ಟಿಸುವವರಿಂದಲೂ ಸಣ್ಣ ಕಂಟ್ರಾಕ್ಟರುಗಳಿಂದಲೂ ನನಗೆ ಮತ್ತೆ ಮತ್ತೆ ಬರುವ ದೂರು ಒಂದೇ. "ಸಾಲಿಡ್ ಬ್ಲಾಕ್ ಟೆಸ್ಟ್‌ನಲ್ಲಿ ಫೇಲ್ ಆಗಿದೆ, ರಿಪೋರ್ಟ್ ಕೈಯಲ್ಲಿದೆ, ಆದರೂ ಸಪ್ಲೈಯರ್ ವಾಪಸ್ ತಗೊಳ್ತಿಲ್ಲ" ಅಂತ. ವಿಚಾರಿಸಿದರೆ ಹೆಚ್ಚಿನ ಕಡೆ ರಿಪೋರ್ಟ್ ಸರಿಯಾಗಿಯೇ ಇರುತ್ತದೆ. ಆದರೆ ರಿಪೋರ್ಟ್ ಬರುವಷ್ಟರಲ್ಲಿ ಅರ್ಧ ಲೋಡ್ ಗೋಡೆ ಸೇರಿರುತ್ತದೆ. ಇಲ್ಲವೇ ಸಪ್ಲೈಯರ್ ಕಡೆಯವರು ಯಾರೂ ಇಲ್ಲದಾಗ ಸ್ಯಾಂಪಲ್ ತೆಗೆದಿರುತ್ತಾರೆ. ಬರವಣಿಗೆಯಲ್ಲಂತೂ ಒಂದು ಸಾಲೂ ಕಳಿಸಿರುವುದಿಲ್ಲ.

ಹಾಗಾಗಿ ಯಾವುದಾದ ಮೇಲೆ ಯಾವುದು ಅನ್ನುವುದಕ್ಕೇ ಇಲ್ಲಿ ಹೆಚ್ಚು ಗಮನ ಕೊಟ್ಟಿದ್ದೇನೆ. ಉದಾಹರಣೆಗೆ ನನ್ನದೇ ಒಂದು ಸೈಟಿನ ಲೋಡನ್ನು ತೆಗೆದುಕೊಳ್ಳುತ್ತೇನೆ. ಅದು ಆರು ಇಂಚಿನ ಸಾಲಿಡ್ ಬ್ಲಾಕ್, 400 × 200 × 150 ಮಿಲಿಮೀಟರ್ ಅಳತೆ, ಒಂದು ಲಾರಿಯಲ್ಲಿ 500. ಕಂಬ ಇಲ್ಲದೆ ಗೋಡೆಯ ಮೇಲೆಯೇ ಛಾವಣಿ ನಿಲ್ಲುವ ಮನೆ ಅದು.

## ಕೈಗೆ ಬೇಕಾದ ಸಾಮಾನು

ಟೇಪ್, 50 ಕೆ.ಜಿ. ತೂಗುವ ತಕ್ಕಡಿ, ಆಯಿಲ್ ಪೇಂಟ್, ಸಣ್ಣ ಬ್ರಶ್, ಫೋನ್ ಕ್ಯಾಮೆರಾ. ಕಾಗದಗಳಲ್ಲಿ ಆರ್ಡರ್ ಪ್ರತಿ, ಡೆಲಿವರಿ ಚಲನ್ ಮತ್ತು ಬಿಲ್. ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇರಬೇಕು, ಅದೂ ಬ್ಲಾಕ್ ಪರೀಕ್ಷೆಗೇ ಇರಬೇಕು. ಕೆಲವು ಲ್ಯಾಬ್‌ಗಳಿಗೆ ನೀರು, ಮಣ್ಣಿನ ಪರೀಕ್ಷೆಗೆ ಮಾತ್ರ ಮಾನ್ಯತೆ ಇರುತ್ತದೆ. ಮೊದಲೇ ಕೇಳಿ ತಿಳಿದುಕೊಳ್ಳಿ.

## ಹಂತ 1: ಆರ್ಡರ್‌ನಲ್ಲಿ ಏನು ಬರೆದಿದೆ, ನೋಡಿ

"ಆರು ಇಂಚಿನ ಬ್ಲಾಕ್, 500" ಅಂತಷ್ಟೇ ಆರ್ಡರ್‌ನಲ್ಲಿದ್ದರೆ ನಿಮ್ಮ ಕೈ ಕಟ್ಟಿದಂತೆಯೇ. ಅಳತೆ ಸರಿ ಇದೆಯಲ್ಲ, ಇನ್ನೇನು ಬೇಕು ಅಂತ ಸಪ್ಲೈಯರ್ ಕೇಳುತ್ತಾನೆ. ಯಾವುದಕ್ಕೆ ಹೋಲಿಸಿ ಫೇಲ್ ಅನ್ನುತ್ತೀರಿ ಅನ್ನುವುದು ಆರ್ಡರ್‌ನಲ್ಲೇ ಇರಬೇಕು.

ಕಾಂಕ್ರೀಟ್ ಬ್ಲಾಕ್‌ಗೆ ಇರುವ ಭಾರತೀಯ ಮಾನಕ ಐಎಸ್ 2185 ಭಾಗ 1. ಅದರಲ್ಲಿ ಭಾರ ಹೊರುವ ಸಾಲಿಡ್ ಬ್ಲಾಕ್‌ಗೆ ಸಿ ಗ್ರೇಡ್ ಅನ್ನುತ್ತಾರೆ. ಅದರಲ್ಲೂ ಎರಡಿವೆ. ಸಿ 5.0 ಅಂದರೆ ಎಂಟು ಬ್ಲಾಕ್‌ಗಳ ಸರಾಸರಿ ಶಕ್ತಿ ಚದರ ಮಿಲಿಮೀಟರಿಗೆ ಕನಿಷ್ಠ 5 ನ್ಯೂಟನ್ ಇರಬೇಕು, ಯಾವ ಒಂದು ಬ್ಲಾಕೂ 4ಕ್ಕಿಂತ ಕೆಳಗೆ ಹೋಗಬಾರದು. ಸಿ 4.0ಗೆ ಸರಾಸರಿ 4, ಒಂಟಿ ಬ್ಲಾಕ್‌ಗೆ 3.2. ಎರಡಕ್ಕೂ ಸಾಂದ್ರತೆ ಘನ ಮೀಟರಿಗೆ 1800 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ.

ಆರ್ಡರ್‌ನಲ್ಲಿ ಮೂರು ಮಾತು ಸಾಕು: "ಐಎಸ್ 2185 ಭಾಗ 1, ಸಿ 5.0 ಗ್ರೇಡ್", "ಅಚ್ಚು ಹಾಕಿದ ದಿನಾಂಕ ಚಲನ್‌ನಲ್ಲಿ ಬರೆಯಬೇಕು", "ಪರೀಕ್ಷೆಯಲ್ಲಿ ಫೇಲ್ ಆದರೆ ಲೋಡನ್ನು ಸ್ವಂತ ಖರ್ಚಿನಲ್ಲಿ ವಾಪಸ್ ಒಯ್ದು ಬದಲಿ ಕೊಡಬೇಕು". ಆರ್ಡರ್ ಬಾಯಿಮಾತಿನಲ್ಲಿ ಆಗಿದ್ದರೆ ವಾಟ್ಸಾಪ್ ತೆಗೆದು ನೋಡಿ. ಸಪ್ಲೈಯರ್ ಕಳಿಸಿದ ರೇಟ್ ಪಟ್ಟಿಯಲ್ಲಿ ಗ್ರೇಡ್ ಬರೆದಿದ್ದರೆ ಅದೂ ನಿಮ್ಮ ಕಡೆಯ ಪುರಾವೆಯೇ.

## ಹಂತ 2: ಚಲನ್‌ಗೆ ಸಹಿ ಹಾಕುವಾಗಲೇ ಒಂದು ಸಾಲು ಸೇರಿಸಿ

ಲಾರಿ ಡ್ರೈವರ್‌ಗೆ ಅವಸರ ಇರುತ್ತದೆ. ಚಲನ್ ಮುಂದೆ ಹಿಡಿದು ಸಹಿ ಮಾಡಿ ಅನ್ನುತ್ತಾನೆ. "ಸರಕು ಚೆನ್ನಾಗಿದೆ, ಸ್ವೀಕರಿಸಿದ್ದೇವೆ" ಅಂತ ಅದರಲ್ಲಿ ಮೊದಲೇ ಅಚ್ಚಾಗಿರುವುದುಂಟು. ಸಹಿಯ ಪಕ್ಕದಲ್ಲಿ ನಿಮ್ಮ ಕೈಯಿಂದ ಹೀಗೆ ಬರೆಯಿರಿ: "ಎಣಿಕೆ ಮಾತ್ರ ನೋಡಿದೆ. ಗುಣಮಟ್ಟ ಪರೀಕ್ಷೆಗೆ ಬಾಕಿ." ನಂತರ ಎರಡೂ ಪ್ರತಿಯ ಫೋಟೊ ತೆಗೆದುಕೊಳ್ಳಿ.

ನೀವು ಸೈಟಿನಲ್ಲಿ ಇಲ್ಲದಾಗ ಲೋಡ್ ಬರುವುದೇ ಜಾಸ್ತಿ ಅಲ್ವಾ? ಅದಕ್ಕೆ ಈ ಒಂದು ಸಾಲನ್ನು ಮೇಸ್ತ್ರಿಗೋ ವಾಚ್‌ಮನ್‌ಗೋ ಹೇಳಿಕೊಟ್ಟಿರಿ.

## ಹಂತ 3: ಸೈಟಿನಲ್ಲೇ ತೂಗಿ, ಅಳೆಯಿರಿ

ಮೇಸ್ತ್ರಿಗಳು ಮೊಳೆಯಿಂದ ಗೀರಿ ನೋಡುತ್ತಾರೆ. ಎರಡು ಬ್ಲಾಕ್ ಬಡಿದು ಸದ್ದು ಕೇಳುತ್ತಾರೆ. ಸೊಂಟದ ಎತ್ತರದಿಂದ ಬೀಳಿಸುತ್ತಾರೆ. ಅನುಮಾನ ಹುಟ್ಟಿಸಲು ಇವು ಒಳ್ಳೆಯವೇ. ಅಂಚು ಬೆರಳಿನಲ್ಲೇ ಪುಡಿಯಾದರೆ, ಸದ್ದು ಮಂಕಾಗಿ ಕೇಳಿದರೆ ಏನೋ ಸರಿ ಇಲ್ಲ. ಆದರೆ "ಬೀಳಿಸಿದೆ, ಒಡೆಯಿತು" ಅಂತ ಬರೆದು ಲೋಡ್ ತಿರಸ್ಕರಿಸಿದರೆ ಅದು ನಿಲ್ಲುವುದಿಲ್ಲ.

ಇವೆಲ್ಲಕ್ಕಿಂತ ತೂಕದ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ಲೆಕ್ಕ ಸುಲಭ. ಆರು ಇಂಚಿನ ಬ್ಲಾಕ್‌ನ ಗಾತ್ರ 0.4 × 0.2 × 0.15, ಅಂದರೆ 0.012 ಘನ ಮೀಟರ್. ಅದನ್ನು 1800ರಿಂದ ಗುಣಿಸಿದರೆ 21.6 ಕೆ.ಜಿ. ಸಿ ಗ್ರೇಡ್ ಬ್ಲಾಕ್ ಪೂರ್ತಿ ಒಣಗಿದಾಗಲೂ ಇಷ್ಟು ತೂಗಬೇಕು. ಸೈಟಿಗೆ ಬಂದ ಬ್ಲಾಕ್‌ನಲ್ಲಿ ಸ್ವಲ್ಪ ತೇವ ಇದ್ದೇ ಇರುತ್ತದೆ. ಆ ತೇವ ಸೇರಿಯೂ 21.6 ಮುಟ್ಟದಿದ್ದರೆ, ಒಣಗಿದ ಮೇಲೆ ಇನ್ನೂ ಕಡಿಮೆಯೇ ಆಗುತ್ತದೆ.

ತೂಗುವ ಮೊದಲು ಅಳತೆ ನೋಡಲು ಮರೆಯಬೇಡಿ. ಉದ್ದದಲ್ಲಿ 5, ಎತ್ತರ ಮತ್ತು ದಪ್ಪದಲ್ಲಿ 3 ಮಿಲಿಮೀಟರ್ ಹೆಚ್ಚುಕಡಿಮೆಗೆ ಅವಕಾಶ ಇದೆ. ಬ್ಲಾಕೇ ಚಿಕ್ಕದಾಗಿದ್ದರೆ ತೂಕ ಕಡಿಮೆ ಬರಲು ಅದೇ ಕಾರಣ ಇರಬಹುದು. ಆಗ ದೂರು ಅಳತೆಯದು, ಸಾಂದ್ರತೆಯದಲ್ಲ.

ನಮ್ಮ ಲೋಡಿನಲ್ಲಿ ಅಲ್ಲಲ್ಲಿಂದ ಹತ್ತು ಬ್ಲಾಕ್ ತೂಗಿದೆವು. ಅಳತೆ ಸರಿ ಇತ್ತು. ತೂಕ 20.4ರಿಂದ 21.2 ಕೆ.ಜಿ. ಒಳಗೇ ಬಂತು. ಹತ್ತರಲ್ಲಿ ಒಂದೂ 21.6 ಮುಟ್ಟಲಿಲ್ಲ. ಕೆಲಸ ನಿಲ್ಲಿಸಲು ಅಷ್ಟು ಸಾಕಾಯಿತು.

## ಹಂತ 4: ಆ ಲೋಡನ್ನು ಮುಟ್ಟದಂತೆ ಬೇರೆ ಇಡಿ

ಜನ ಹೆಚ್ಚು ಎಡವುವುದು ಇಲ್ಲೇ. "ರಿಪೋರ್ಟ್ ಬರಲಿ, ಅಷ್ಟರಲ್ಲಿ ಕಾಂಪೌಂಡ್ ಗೋಡೆಗೆ ಹಾಕೋಣ" ಅಂತ ಮೇಸ್ತ್ರಿ ಹೇಳುತ್ತಾನೆ. ಕೂಲಿಯವರು ಸುಮ್ನೆ ಕೂತರೆ ದಿನದ ಲೆಕ್ಕ ಹಾಳಾಗುತ್ತದೆ, ಅವನ ಕಷ್ಟವೂ ನಿಜ. ಆದರೆ ಒಪ್ಪಬೇಡಿ.

1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 42 ಯಾವಾಗ ಸರಕನ್ನು ಒಪ್ಪಿಕೊಂಡಂತೆ ಆಗುತ್ತದೆ ಎಂದು ಹೇಳುತ್ತದೆ. ನೀವೇ ಒಪ್ಪಿದೆ ಅಂತ ತಿಳಿಸಿದಾಗ ಒಂದು. ಮಾಲು ತಲುಪಿದ ಮೇಲೆ ಅದು ನಿಮ್ಮದೇ ಅನ್ನುವ ಹಾಗೆ ನಡೆದುಕೊಂಡಾಗ ಇನ್ನೊಂದು. ಬೇಡ ಅಂತ ತಿಳಿಸದೆ ಸೂಕ್ತ ಸಮಯ ಮೀರಿ ಇಟ್ಟುಕೊಂಡಾಗ ಮತ್ತೊಂದು. ಗಾರೆ ಹಾಕಿ ಗೋಡೆ ಕಟ್ಟುವುದು ಎರಡನೆಯದಕ್ಕೆ ಸೇರುತ್ತದೆ. ಒಮ್ಮೆ ಒಪ್ಪಿಕೊಂಡಂತಾದರೆ ಸಾಮಾನ್ಯವಾಗಿ ವಾಪಸ್ ಕಳಿಸುವ ಹಕ್ಕು ಹೋಗಿ, ನಷ್ಟ ಪರಿಹಾರ ಕೇಳುವುದಷ್ಟೇ ಉಳಿಯುತ್ತದೆ. ಗೋಡೆ ಕಟ್ಟಿಬಿಟ್ಟ ಮೇಲೆ ಪರಿಹಾರ ವಸೂಲಿ ಮಾಡುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಹೊಸ ಲೋಡನ್ನು ಹಳೆಯ ಲೋಡಿನ ಜೊತೆ ಸೇರಿಸಿ ಜೋಡಿಸಬೇಡಿ. ಒಮ್ಮೆ ಬೆರೆತರೆ ಯಾವುದು ಯಾವುದೆಂದು ಬೇರ್ಪಡಿಸಲು ಆಗುವುದಿಲ್ಲ. ರಾಶಿಯ ಸುತ್ತ ಹಗ್ಗ ಕಟ್ಟಿ, ಚಲನ್ ನಂಬರ್, ಬಂದ ದಿನಾಂಕ, "ಬಳಸಬೇಡಿ" ಅಂತ ಒಂದು ಹಲಗೆ ತೂಗುಹಾಕಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

## ಹಂತ 5: ಮರುದಿನವೇ ಮೊದಲ ಪತ್ರ

ತಿರಸ್ಕಾರಕ್ಕೆ ಒಂದೇ ಪತ್ರ ಸಾಕು ಅಂದುಕೊಳ್ಳುತ್ತಾರೆ. ನಾನು ಯಾವಾಗಲೂ ಎರಡು ಕಳಿಸುತ್ತೇನೆ. ಮೊದಲನೆಯದು ತಕರಾರಿನ ಪತ್ರ, ರಿಪೋರ್ಟ್ ಬರುವ ಮೊದಲೇ. ಎರಡನೆಯದು ರಿಪೋರ್ಟ್ ಸಮೇತ ತಿರಸ್ಕಾರ.

ಇದಕ್ಕೆ ಕಾರಣ ದಿನಗಳ ಲೆಕ್ಕ. ಬ್ಲಾಕ್ ಕಾರ್ಖಾನೆ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ ಆಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಸರಕು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಹೋಗದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಎಂದು ಲೆಕ್ಕ. ಹಣ ಕೊಡುವ ಗಡುವು ಅಂದಿನಿಂದಲೇ ಓಡತೊಡಗುತ್ತದೆ. ಫೋನಿನಲ್ಲಿ ಎಷ್ಟು ಜಗಳ ಆಡಿದರೂ ಅದು ಬರವಣಿಗೆ ಅನ್ನಿಸಿಕೊಳ್ಳುವುದಿಲ್ಲ. ಲ್ಯಾಬ್ ರಿಪೋರ್ಟ್ ಬರಲು ತಡವಾಗಬಹುದು, ಆದರೆ ಆಕ್ಷೇಪಣೆ ತಡವಾಗಬಾರದು.

ಮೊದಲ ಪತ್ರದಲ್ಲಿ ನಾಲ್ಕು ಸಾಲು ಇದ್ದರೆ ಸಾಕು: ಯಾವ ಲೋಡ್, ತೂಕ ಎಷ್ಟು ಬಂದಿದೆ, ಗುಣಮಟ್ಟ ಪರೀಕ್ಷೆ ಮುಗಿಯುವವರೆಗೆ ಲೋಡನ್ನು ಒಪ್ಪಿಕೊಂಡಿಲ್ಲ, ಇಂಥ ದಿನ ಇಷ್ಟು ಗಂಟೆಗೆ ಸ್ಯಾಂಪಲ್ ತೆಗೆಯುತ್ತೇವೆ, ನಿಮ್ಮ ಕಡೆಯವರನ್ನು ಕಳಿಸಿ. ಮೇಲ್ ಮಾಡಿ, ವಾಟ್ಸಾಪ್‌ನಲ್ಲೂ ಕಳಿಸಿ.

## ಹಂತ 6: ಸ್ಯಾಂಪಲ್ ಇಬ್ಬರ ಎದುರಿಗೆ ತೆಗೆಯಿರಿ

"ಕೆಟ್ಟ ಬ್ಲಾಕೇ ಹುಡುಕಿ ಕಳಿಸಿದ್ದೀರಿ." ಸಪ್ಲೈಯರ್ ಬಾಯಲ್ಲಿ ಮೊದಲು ಬರುವ ಮಾತು ಇದು. ಇದಕ್ಕೆ ಉತ್ತರ ಸ್ಯಾಂಪಲ್ ತೆಗೆಯುವ ಹೊತ್ತಿಗೇ ಸಿದ್ಧವಾಗಿರಬೇಕು.

ರಾಶಿಯನ್ನು ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳಿ. ಮೇಲೆ, ನಡುವೆ, ಅಡಿಯಲ್ಲಿ, ಅಂಚಿನಲ್ಲಿ ಹೀಗೆ ಎಲ್ಲ ಕಡೆಯಿಂದ ಒಟ್ಟು 20 ಬ್ಲಾಕ್ ತೆಗೆಯಿರಿ. ಮೂಲೆ ಮುರಿದದ್ದನ್ನೇ ಆರಿಸಬೇಡಿ, ನುಣುಪಾದದ್ದನ್ನೇ ಆರಿಸಲು ಅವರಿಗೂ ಬಿಡಬೇಡಿ. ಪ್ರತಿ ಬ್ಲಾಕ್ ಮೇಲೂ ಪೇಂಟ್‌ನಿಂದ ನಂಬರ್ ಹಾಕಿ. ಒಂದು ಹಾಳೆಯಲ್ಲಿ ನಂಬರ್, ದಿನಾಂಕ, ಚಲನ್ ನಂಬರ್ ಬರೆದು ಇಬ್ಬರೂ ಸಹಿ ಮಾಡಿ. ಅವರು ಬರದಿದ್ದರೆ ಎಂಜಿನಿಯರನ್ನೋ ನೆರೆಯವರನ್ನೋ ಸಾಕ್ಷಿಗೆ ನಿಲ್ಲಿಸಿ, ವಿಡಿಯೊ ಮಾಡಿ, "ತಿಳಿಸಿದರೂ ಬರಲಿಲ್ಲ" ಎಂದು ಹಾಳೆಯಲ್ಲಿ ಬರೆಯಿರಿ.

ಇಪ್ಪತ್ತರಲ್ಲಿ ಎಂಟು ಶಕ್ತಿ ಪರೀಕ್ಷೆಗೆ, ಮೂರು ಸಾಂದ್ರತೆಗೆ, ಮೂರು ನೀರು ಹೀರುವಿಕೆಗೆ ಹೋಗುತ್ತವೆ. ಉಳಿದದ್ದನ್ನು ಜೋಪಾನವಾಗಿ ಇಡಿ. ಮರುಪರೀಕ್ಷೆಯ ಮಾತು ಬಂದರೆ ಬೇಕಾಗುತ್ತವೆ.

## ಹಂತ 7: ಬ್ಲಾಕ್‌ನ ವಯಸ್ಸು ನೋಡಿ ಲ್ಯಾಬ್‌ಗೆ ಕೊಡಿ

ಬ್ಲಾಕ್‌ನ ಶಕ್ತಿಯನ್ನು ಅಳೆಯುವುದು 28 ದಿನದ ವಯಸ್ಸಿಗೆ. ಅಚ್ಚು ಹಾಕಿ 12 ದಿನ ಆದ ಬ್ಲಾಕನ್ನು ಪರೀಕ್ಷಿಸಿ ಫೇಲ್ ಅಂದರೆ, "ಇನ್ನೂ ಬಲಿತಿಲ್ಲ ಸಾರ್" ಅನ್ನುತ್ತಾರೆ. ಆ ಮಾತು ಸರಿಯೂ ಹೌದು. ಅಚ್ಚಿನ ದಿನಾಂಕ ಚಲನ್‌ನಲ್ಲಿ ಬರೆಸಿ ಅಂದದ್ದು ಇದಕ್ಕೇ. ನಮ್ಮ ಬ್ಲಾಕ್ ಸೈಟಿಗೆ ಬಂದಾಗ 20 ದಿನದ್ದು. ಹಾಗಾಗಿ ಎಂಟನೇ ದಿನ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕೊಟ್ಟೆವು. ಹತ್ತನೇ ದಿನ ಯಂತ್ರದಲ್ಲಿ ಒಡೆದಾಗ ಅದಕ್ಕೆ 30 ದಿನ ತುಂಬಿತ್ತು.

ಲ್ಯಾಬ್‌ಗೆ ಕೊಡುವಾಗ ಎರಡು ವಿಷಯ ಬಾಯಿಬಿಟ್ಟು ಹೇಳಿ. ಐಎಸ್ 2185 ಭಾಗ 1ರ ಪ್ರಕಾರವೇ ಪರೀಕ್ಷೆ ಆಗಬೇಕು, ರಿಪೋರ್ಟ್‌ನಲ್ಲಿ ನಿಮ್ಮ ಬ್ಲಾಕ್ ನಂಬರ್ ಮತ್ತು ಅಚ್ಚಿನ ದಿನಾಂಕ ಇರಬೇಕು. ಇನ್ನೊಂದು, ಬ್ಲಾಕ್‌ನ ಮೇಲೆ ಕೆಳಗೆ ಮಟ್ಟ ಬರುವಂತೆ ಲೇಪ ಹಾಕಿಯೇ ಯಂತ್ರಕ್ಕೆ ಇಡಬೇಕು. ಲೇಪ ಇಲ್ಲದಿದ್ದರೆ ಉಬ್ಬಿದ ಜಾಗದಲ್ಲೇ ಭಾರ ಕೂತು ಬ್ಲಾಕ್ ಬೇಗ ಒಡೆಯುತ್ತದೆ. ಆಗ ಒಳ್ಳೆಯ ಬ್ಲಾಕೂ ಫೇಲ್ ಆಗಬಹುದು, ಅದು ಸಪ್ಲೈಯರ್‌ಗೆ ಅನ್ಯಾಯ.

## ಹಂತ 8: ರಿಪೋರ್ಟನ್ನು ನೀವೇ ಓದಿ

ಕೊನೆಯ ಸಾಲು ಮಾತ್ರ ನೋಡಬೇಡಿ. ಲೆಕ್ಕ ನೀವೂ ಮಾಡಿ. ಬ್ಲಾಕ್ ಗೋಡೆಯಲ್ಲಿ ಕೂರುವ ಮುಖ 400 × 150, ಅಂದರೆ 60,000 ಚದರ ಮಿಲಿಮೀಟರ್. ಒಡೆದ ಭಾರವನ್ನು ಇದರಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. ಸರಾಸರಿ 5 ಬರಬೇಕಾದರೆ ಬ್ಲಾಕ್‌ಗಳು ಸುಮಾರು 300 ಕಿಲೋನ್ಯೂಟನ್ ತಡೆಯಬೇಕು. 240ಕ್ಕಿಂತ ಕೆಳಗೆ ಒಂದೂ ಒಡೆಯಬಾರದು.

ನಮ್ಮ ಎಂಟು ಬ್ಲಾಕ್ ಒಡೆದದ್ದು ಹೀಗೆ: 222, 246, 198, 234, 258, 210, 228, 240 ಕಿಲೋನ್ಯೂಟನ್. ಶಕ್ತಿಯ ಲೆಕ್ಕದಲ್ಲಿ 3.7, 4.1, 3.3, 3.9, 4.3, 3.5, 3.8, 4.0. ಸರಾಸರಿ 3.8. ಐದು ಬ್ಲಾಕ್ 4ಕ್ಕಿಂತ ಕೆಳಗೆ. ಸಾಂದ್ರತೆ 1690. ನೀರು ಹೀರುವಿಕೆ ಮಾತ್ರ 9.1 ಶೇಕಡ ಬಂದು 10ರ ಮಿತಿಯೊಳಗೇ ಇತ್ತು.

ಹಾಗಾಗಿ ಪತ್ರದಲ್ಲಿ ಶಕ್ತಿ ಮತ್ತು ಸಾಂದ್ರತೆ ಎರಡನ್ನೇ ಕಾರಣವಾಗಿ ಬರೆದೆವು. ನೀರು ಹೀರುವಿಕೆಯನ್ನು ಎಳೆದು ತರಲಿಲ್ಲ. ಪಾಸಾದ ಅಂಶವನ್ನೂ ಕೆಟ್ಟದು ಅಂತ ಬರೆದರೆ ಅದೊಂದನ್ನು ಹಿಡಿದುಕೊಂಡು ಇಡೀ ಪತ್ರವೇ ಸುಳ್ಳು ಅನ್ನುತ್ತಾರೆ. ರಿಪೋರ್ಟ್ ಮಾತ್ರ ಪೂರ್ತಿ ಲಗತ್ತಿಸಿ, ಒಂದು ಪುಟವನ್ನೂ ಬಿಡಬೇಡಿ.

## ಹಂತ 9: ತಿರಸ್ಕಾರದ ಪತ್ರ

ಸಿಟ್ಟು, ಆರೋಪ ಬೇಡ. "ಮೋಸ ಮಾಡಿದ್ದೀರಿ", "ಸಿಮೆಂಟ್ ಕದ್ದಿದ್ದೀರಿ" ಅಂತ ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಏನು ಬೇಕಿತ್ತು, ಏನು ಬಂತು, ಈಗ ಏನು ಮಾಡಬೇಕು, ಯಾವಾಗಿನೊಳಗೆ. ಇಷ್ಟೇ. ನಾವು ಹನ್ನೆರಡನೇ ದಿನ ಕಳಿಸಿದ ಪತ್ರದ ಒಕ್ಕಣೆ ಇದು. ನಂಬರ್, ದಿನಾಂಕ ನಿಮ್ಮದು ತುಂಬಿಕೊಳ್ಳಿ.

> ವಿಷಯ: ಚಲನ್ ನಂ. ____, ದಿನಾಂಕ ____ರ 500 ಸಾಲಿಡ್ ಬ್ಲಾಕ್‌ಗಳ ತಿರಸ್ಕಾರ ಮತ್ತು ಬದಲಿ ಕೋರಿಕೆ
>
> ಮಾನ್ಯರೇ,
>
> ನಮ್ಮ ಆರ್ಡರ್ ನಂ. ____ರಲ್ಲಿ ಐಎಸ್ 2185 ಭಾಗ 1ರ ಸಿ 5.0 ಗ್ರೇಡ್‌ನ 400 × 200 × 150 ಮಿ.ಮೀ. ಸಾಲಿಡ್ ಬ್ಲಾಕ್ ಕೇಳಿದ್ದೆವು. ಮೇಲಿನ ಚಲನ್‌ನ ಲೋಡ್ ಬಗ್ಗೆ ದಿನಾಂಕ ____ರ ಪತ್ರದಲ್ಲಿ ಆಕ್ಷೇಪಣೆ ತಿಳಿಸಿದ್ದೆವು.
>
> ದಿನಾಂಕ ____ರಂದು ನಿಮ್ಮ ಪ್ರತಿನಿಧಿಯ ಎದುರು ತೆಗೆದ ಸ್ಯಾಂಪಲ್‌ಗಳ ಪರೀಕ್ಷೆ ಮುಗಿದಿದೆ. ವರದಿ ನಂ. ____ರ ಪ್ರಕಾರ ಎಂಟು ಬ್ಲಾಕ್‌ಗಳ ಸರಾಸರಿ ಶಕ್ತಿ 3.8 (ಬೇಕಿದ್ದದ್ದು ಕನಿಷ್ಠ 5.0). ಐದು ಬ್ಲಾಕ್‌ಗಳು 4.0ಗಿಂತ ಕಡಿಮೆ ಇವೆ, ಅತಿ ಕಡಿಮೆ 3.3. ಸಾಂದ್ರತೆ 1690 (ಬೇಕಿದ್ದದ್ದು ಕನಿಷ್ಠ 1800). ಪರೀಕ್ಷೆಯ ದಿನ ಬ್ಲಾಕ್‌ಗಳ ವಯಸ್ಸು 30 ದಿನ. ಪೂರ್ಣ ವರದಿ ಮತ್ತು ಸ್ಯಾಂಪಲ್ ಹಾಳೆ ಲಗತ್ತಿಸಿದೆ.
>
> ಆದ್ದರಿಂದ ಈ ಇಡೀ ಲೋಡನ್ನು ತಿರಸ್ಕರಿಸುತ್ತಿದ್ದೇವೆ. ಪರೀಕ್ಷೆಗೆ ತೆಗೆದವನ್ನು ಬಿಟ್ಟು ಒಂದು ಬ್ಲಾಕನ್ನೂ ಬಳಸಿಲ್ಲ. ಅವು ನಮ್ಮ ಸೈಟಿನಲ್ಲಿ ಬೇರೆಯಾಗಿ ಇವೆ.
>
> ದಿನಾಂಕ ____ರೊಳಗೆ ಇವನ್ನು ನಿಮ್ಮ ಖರ್ಚಿನಲ್ಲಿ ತೆಗೆದುಕೊಂಡು ಹೋಗಿ, ಅದೇ ಗ್ರೇಡ್‌ನ, 28 ದಿನ ತುಂಬಿದ 500 ಬ್ಲಾಕ್ ಕಳಿಸಿಕೊಡಿ. ಪರೀಕ್ಷಾ ಶುಲ್ಕದ ರಸೀದಿ ಲಗತ್ತಿಸಿದೆ, ಅದನ್ನು ಭರಿಸಬೇಕಾಗಿ ಕೋರುತ್ತೇವೆ. ಬದಲಿ ಬರುವವರೆಗೆ ಈ ಲೋಡಿನ ಹಣವನ್ನಷ್ಟೇ ತಡೆಹಿಡಿದಿದ್ದೇವೆ.
>
> ವರದಿಯನ್ನು ನೀವು ಒಪ್ಪದಿದ್ದರೆ ಮೂರು ದಿನದೊಳಗೆ ತಿಳಿಸಿ. ಇಬ್ಬರೂ ಸೇರಿ ಸ್ಯಾಂಪಲ್ ತೆಗೆದು ಇಬ್ಬರೂ ಒಪ್ಪಿದ ಲ್ಯಾಬ್‌ನಲ್ಲಿ ಮರುಪರೀಕ್ಷೆ ಮಾಡಿಸೋಣ.

"ಈ ಲೋಡಿನ ಹಣವನ್ನಷ್ಟೇ" ಅನ್ನುವ ಮಾತನ್ನು ಗಮನಿಸಿ. ಹಿಂದಿನ ಒಳ್ಳೆಯ ಲೋಡುಗಳ ಹಣವನ್ನೂ ಹಿಡಿದಿಟ್ಟರೆ ತಪ್ಪು ನಿಮ್ಮದಾಗುತ್ತದೆ. ಈ ಪತ್ರವನ್ನು ಮೇಲ್ ಜೊತೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ.

ತಿರಸ್ಕರಿಸಿದ ಬ್ಲಾಕನ್ನು ನೀವೇ ಲಾರಿ ಮಾಡಿ ಕಳಿಸಬೇಕಾಗಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ಬೇಡವೆಂದು ತಿಳಿಸಿದರೆ ಸಾಕು ಎಂದು ಅದೇ ಕಾಯ್ದೆಯ ಸೆಕ್ಷನ್ 43 ಹೇಳುತ್ತದೆ. ಆದರೆ ಅವು ಈಗ ಸಪ್ಲೈಯರ್‌ನ ಸೊತ್ತು. ಒಡೆಯುವುದು, ಮಾರುವುದು, ತಳಪಾಯಕ್ಕೆ ತುಂಬುವುದು ಮಾಡಬೇಡಿ.

## ಹಂತ 10: ಸಪ್ಲೈಯರ್ ಏನನ್ನಬಹುದು

"ಇನ್ನೊಂದು ವಾರ ನೀರು ಹೊಡೆಯಿರಿ, ಗಟ್ಟಿಯಾಗುತ್ತೆ." 30 ದಿನದಲ್ಲಿ 3.8 ಇರುವ ಬ್ಲಾಕ್ ಒಂದು ವಾರದ ನೀರಿಗೆ 5 ಆಗುವುದಿಲ್ಲ. ಇನ್ನು ಸಾಂದ್ರತೆ. ಅದು ಅಚ್ಚು ಒತ್ತಿದ ದಿನವೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಸರಿಯಾಗಿ ಒತ್ತದೆ ಒಳಗೆ ಉಳಿದ ಪೊಳ್ಳು ನೀರಿನಿಂದ ತುಂಬುವುದಿಲ್ಲ.

"ನಮ್ಮ ಹತ್ತಿರ ಪಾಸಾದ ರಿಪೋರ್ಟ್ ಇದೆ." ಅದು ಯಾವ ದಿನ ಅಚ್ಚು ಹಾಕಿದ ಬ್ಲಾಕ್‌ನದು ಅಂತ ಕೇಳಿ. ಬಹಳ ಸಲ ಅದು ಹಳೆಯ ಬೇರೆ ಲೋಡಿನದು.

"ರೇಟ್ ಕಡಿಮೆ ಮಾಡುತ್ತೇನೆ, ಇಟ್ಟುಕೊಳ್ಳಿ." ಇಲ್ಲಿ ನನ್ನ ಅಭಿಪ್ರಾಯ ಕಟ್ಟಡ ನೋಡಿ ಬದಲಾಗುತ್ತದೆ. ಕಂಬ ತೊಲೆ ಇರುವ ಮನೆಯಲ್ಲಿ ಒಳಗೋಡೆ ತನ್ನ ಭಾರವನ್ನಷ್ಟೇ ಹೊರುತ್ತದೆ. ಅಲ್ಲಿ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ, ಆಗಬಹುದು ಅಂತ ಬರೆದುಕೊಟ್ಟರೆ ಮಾತ್ರ ಯೋಚಿಸಬಹುದು. ಗೋಡೆಯೇ ಛಾವಣಿ ಹೊರುವ ಮನೆಗೆ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ. ನಮ್ಮದು ಅಂಥ ಮನೆ. ಮೇಲಾಗಿ ಆ ಲೋಡ್ ಕೆಳಗಿನ ಸಿ 4.0 ಗ್ರೇಡ್‌ನ ಸರಾಸರಿಯನ್ನೂ ಮುಟ್ಟಿರಲಿಲ್ಲ.

"ಮರುಪರೀಕ್ಷೆ ಮಾಡಿಸೋಣ" ಅಂದರೆ ಒಪ್ಪಿ. ಆದರೆ ಯಂತ್ರಕ್ಕೆ ಇಡುವ ಮೊದಲೇ ಮೂರು ವಿಷಯ ಬರೆದುಕೊಳ್ಳಿ: ಯಾವ ಲ್ಯಾಬ್, ಶುಲ್ಕ ಯಾರದು, ಬಂದ ಫಲಿತಾಂಶ ಇಬ್ಬರಿಗೂ ಕೊನೆಯದು. ಇದನ್ನು ಬರೆಯದೆ ಹೋದರೆ ಮೂರನೇ ಪರೀಕ್ಷೆ, ನಾಲ್ಕನೇ ಪರೀಕ್ಷೆ ಅಂತ ಮಳೆಗಾಲವೇ ಬಂದುಬಿಡುತ್ತದೆ.

ಉತ್ತರವೇ ಬರದಿದ್ದರೆ? ಸ್ವಂತ ಮನೆ ಕಟ್ಟಿಸುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ವ್ಯಾಪಾರಕ್ಕಾಗಿ ಕೊಂಡ ಕಂಟ್ರಾಕ್ಟರ್‌ಗೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ವಕೀಲರ ಮೂಲಕ ನೋಟಿಸ್ ಕೊಡಬೇಕು. ಎರಡೂ ಕಡೆ ಮೊದಲು ಕೇಳುವುದು ನೀವು ಈಗಾಗಲೇ ಜೋಡಿಸಿಟ್ಟ ಕಾಗದಗಳನ್ನೇ.

## ಹಂತ 11: ಬದಲಿ ಲೋಡ್ ಬಂದಾಗ

ಫೇಲ್ ಆದ ಬ್ಲಾಕ್ ಒಂದು ಸುತ್ತು ಹಾಕಿ ನಿಮ್ಮ ಸೈಟಿಗೇ ಮರಳಿ ಬರುವುದುಂಟು. ಹಾಗಾಗಿ ಹಳೆಯದು ಹೊರಡುವ ಮೊದಲು ಸಪ್ಲೈಯರ್‌ಗೆ ತಿಳಿಸಿ, ಪ್ರತಿ ಬ್ಲಾಕ್‌ನ ತುದಿಗೆ ಬೆರಳ ಗಾತ್ರದ ಕೆಂಪು ಪೇಂಟ್ ಬೊಟ್ಟು ಇಡಿಸಿ. ಅದರಿಂದ ಬ್ಲಾಕ್‌ಗೆ ಹಾನಿ ಇಲ್ಲ. ಎಷ್ಟು ಬ್ಲಾಕ್ ಹೊರಗೆ ಹೋದವು ಅಂತ ಎಣಿಸಿ, ವಾಪಸಾತಿಯ ಚಲನ್‌ಗೆ ಡ್ರೈವರ್ ಸಹಿ ತೆಗೆದುಕೊಳ್ಳಿ. ಜಿಎಸ್‌ಟಿ ಬಿಲ್ ಆಗಿದ್ದರೆ ಹಳೆಯ ಲೋಡಿಗೆ ಕ್ರೆಡಿಟ್ ನೋಟ್ ಕೇಳಿ. ಇಲ್ಲವಾದರೆ ಲೆಕ್ಕದಲ್ಲಿ ಎರಡು ಲೋಡಿನ ಬಾಕಿ ನಿಮ್ಮ ಹೆಸರಿನಲ್ಲಿ ನಿಲ್ಲುತ್ತದೆ.

ಹೊಸ ಲೋಡಿಗೂ ಎರಡನೇ ಹಂತದಿಂದಲೇ ಶುರು ಮಾಡಿ. ನಮಗೆ ಬದಲಿ ಲೋಡ್ ಹದಿನೇಳನೇ ದಿನ ಬಂತು. ಚಲನ್‌ನಲ್ಲಿ ಅಚ್ಚಿನ ದಿನಾಂಕ ಬರೆದಿತ್ತು, 34 ದಿನದ ಬ್ಲಾಕ್. ಹತ್ತು ತೂಗಿದೆವು, ಒಂದೂ 22.5 ಕೆ.ಜಿ.ಗಿಂತ ಕೆಳಗೆ ಬರಲಿಲ್ಲ. ಆದರೂ ಎಂಟು ಬ್ಲಾಕ್ ಲ್ಯಾಬ್‌ಗೆ ಹೋದವು. ಸರಾಸರಿ 5.6, ಅತಿ ಕಡಿಮೆ 4.9 ಅಂತ ರಿಪೋರ್ಟ್ ಬಂದ ಮರುದಿನ ಬೆಳಿಗ್ಗೆ ಮೇಸ್ತ್ರಿ ಮೊದಲ ವರಸೆಗೆ ದಾರ ಕಟ್ಟಿದರು.